ಕಳಶ ಕೂರಿಸುವ ಹೊತ್ತಿನಲ್ಲಿ ಮೆಸೇಜ್ ಬೇಡ

ಅಂಗಡಿಗಳ ವಾಟ್ಸಾಪ್ ಮೆಸೇಜ್ ನೋಡಿಕೊಳ್ಳುವುದು ನನ್ನ ಕೆಲಸ. ಒಂದು ವರ್ಷ ವರಮಹಾಲಕ್ಷ್ಮಿ ಹಬ್ಬದ ದಿನ ಬೆಳಿಗ್ಗೆ 7ಕ್ಕೆ ಸೀರೆ ಅಂಗಡಿಯೊಂದರ ಶುಭಾಶಯ ಕಳಿಸಿದ್ದೆ. ಮಧ್ಯಾಹ್ನ ಒಬ್ಬರು ಉತ್ತರ ಬರೆದರು: "ಕಳಶಕ್ಕೆ ಸೀರೆ ಉಡಿಸ್ತಾ ಇದ್ದೆ ಕಣಮ್ಮ. ಪುರೋಹಿತರ ಮೆಸೇಜ್ ಅಂತ ಎದ್ದು ಬಂದೆ." ಬೈದಿರಲಿಲ್ಲ. ಆದರೂ ತುಂಬಾ ಬೇಜಾರಾಯಿತು.

ಆಮೇಲೆ ಹಬ್ಬದ ದಿನವನ್ನು ಮನೆಯೊಳಗಿಂದ ನೋಡಲು ಕಲಿತೆ. ಶುಕ್ರವಾರದ ರಾಹುಕಾಲ ಸಾಮಾನ್ಯವಾಗಿ 10.30ರಿಂದ 12. ಬೆಳಿಗ್ಗೆ ಪೂಜೆ ಮಾಡುವವರು ಅದಕ್ಕೆ ಮುಂಚೆಯೇ ಮುಗಿಸಲು ನೋಡುತ್ತಾರೆ. ಆಮೇಲೆ ಅಡುಗೆ, ಊಟ. ಸಂಜೆ 5ರ ನಂತರ ಅರಿಶಿನ ಕುಂಕುಮಕ್ಕೆ ಹೆಂಗಸರು ಬರುತ್ತಾರೆ, ಕೆಲವರ ಮನೆಯಲ್ಲಿ ಪೂಜೆಯೇ ಆಗ. ನಡುವೆ ಉಳಿಯುವುದು 2.30ರಿಂದ 4. ಊಟ ಮುಗಿಸಿ ಕೂತು, ಕಳಶದ ಫೋಟೋ ಸ್ಟೇಟಸ್‌ಗೆ ಹಾಕುವ ಹೊತ್ತು ಅದು. ಈಗ ಶುಭಾಶಯ ಕಳಿಸುವುದು ಆಗಲೇ.

ಸೀರೆಯ ಆಫರ್ ಮಾತ್ರ ಹಬ್ಬದ ವಾರದಲ್ಲಿ ಕಳಿಸಿದರೆ ತಡವಾಯಿತು. ಬ್ಲೌಸ್ ಹೊಲಿಸಬೇಕಲ್ವಾ? ಟೈಲರ್‌ಗೆ ಸಮಯ ಸಿಗಲಿ ಅಂತ ಮೂರು ವಾರ ಮೊದಲೇ, ಮಧ್ಯಾಹ್ನ 3ರ ಸುಮಾರಿಗೆ ಕಳಿಸುತ್ತೇನೆ.

ರಾತ್ರಿ 9ರ ನಂತರ ಏನನ್ನೂ ಕಳಿಸುವುದಿಲ್ಲ. ಮಲಗುವವರ ನಿದ್ದೆ ಕೆಡುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ನನಗೆ ತಡವಾಗಿ ಹೊಳೆಯಿತು. ಡೇಟಾ ಆಫ್ ಮಾಡಿ ಮಲಗಿದವರಿಗೆ ಆ ಮೆಸೇಜ್ ತಲುಪುವುದು ಬೆಳಿಗ್ಗೆ ಆನ್ ಮಾಡಿದಾಗ, ಅಂದರೆ ಪೂಜೆಯ ಹೊತ್ತಿಗೇ. ಪಟ್ಟಿಯವರಿಗೆಲ್ಲ ಒಂದೇ ಸಲ ಕಳಿಸಿದ ಬ್ರಾಡ್‌ಕಾಸ್ಟ್ ಮೆಸೇಜ್ ಒತ್ತಿ ಹಿಡಿದು ಮಾಹಿತಿ ತೆರೆದರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಅಂತ ಕಾಣುತ್ತದೆ. ಒಂದು ಗಂಟೆ ಬಿಟ್ಟು ಅದನ್ನು ನೋಡಿ. ತಲುಪಿದ್ದು ಜಾಸ್ತಿ, ಓದಿದ್ದು ಕಡಿಮೆ ಅಂದರೆ ಹೊತ್ತು ಸರಿಯಿಲ್ಲ ಅಂತ ನಾನು ಅನುಮಾನಿಸುತ್ತೇನೆ. ಓದಿದ ಗುರುತು ಆಫ್ ಮಾಡಿಕೊಂಡವರು ಇದರಲ್ಲಿ ಸಿಗುವುದಿಲ್ಲ. ಅಂಗಡಿಯ ನಂಬರ್ ಸೇವ್ ಮಾಡಿಕೊಳ್ಳದವರಿಗೆ ಬ್ರಾಡ್‌ಕಾಸ್ಟ್ ತಲುಪುವುದೇ ಇಲ್ಲ. ಅವರನ್ನು ಲೆಕ್ಕದಿಂದ ಬಿಡಿ.

ಯುಗಾದಿಯ ತೊಂದರೆ ಬೇರೆ. 2025ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 21ರಿಂದ ಏಪ್ರಿಲ್ 4ರವರೆಗೆ ಇತ್ತು, ಯುಗಾದಿ ಮಾರ್ಚ್ 30ಕ್ಕೆ. ಮಕ್ಕಳು ಅಮ್ಮನ ಫೋನಿನಲ್ಲೇ ನೋಟ್ಸ್ ನೋಡುವ ಮನೆಗಳು ಎಷ್ಟೋ. ಸಂಜೆ ಲೆಕ್ಕ ಮಾಡುತ್ತಾ ಕೂತ ಮಗುವಿನ ಕಣ್ಣಮುಂದೆ ನಮ್ಮ ಸೀರೆಯ ಚಿತ್ರ ಬಂದು ಬೀಳುತ್ತದೆ. ಅದಕ್ಕೇ ಫೆಬ್ರವರಿಯಲ್ಲಿ ಬಿಲ್ ಮಾಡುವಾಗಲೇ ಅಂಗಡಿಯವರು ಕೇಳುತ್ತಾರೆ: "ಮನೇಲಿ ಹತ್ತನೇ ಕ್ಲಾಸು, ಪಿಯುಸಿ ಯಾರಾದ್ರೂ ಇದ್ದಾರಾ ಅಕ್ಕ?" ಹೌದು ಅಂದವರ ನಂಬರಿಗೆ 'ಪರೀಕ್ಷೆ' ಅಂತ ಲೇಬಲ್ ಹಾಕಿ, ಅವರದ್ದೇ ಬೇರೆ ಪಟ್ಟಿ ಮಾಡುತ್ತೇವೆ. ಆ ಪಟ್ಟಿಗೆ ಆಫರ್ ಹೋಗುವುದಿಲ್ಲ. ಹಬ್ಬದ ಮಧ್ಯಾಹ್ನ ಒಂದೇ ಒಂದು ಶುಭಾಶಯ, ಚಿತ್ರ ವಿಡಿಯೋ ಇಲ್ಲದೆ. ಕೊನೆಯ ಪರೀಕ್ಷೆ ಮುಗಿದ ಮಾರನೇ ದಿನ ಲೇಬಲ್ ತೆಗೆಯುತ್ತೇವೆ.