ಮನೆ ಬೆಲೆ ಏರಿತು, ನೀವು ಏನು ಉಳಿಸಿದಿರಿ?

ಮೂರು ತಿಂಗಳಿಗೊಮ್ಮೆ ಆಸ್ತಿ-ಸಾಲದ ಪಟ್ಟಿ ಬರೆಯಿರಿ ಎಂದು ನನ್ನ ಬಳಿ ಬರುವವರಿಗೆಲ್ಲ ಹೇಳುತ್ತೇನೆ. ಬಹಳ ಜನ ಬರೆಯುತ್ತಾರೆ ಕೂಡ. ಇರುವುದನ್ನೆಲ್ಲ ಒಂದು ಕಡೆ, ಕೊಡಬೇಕಾದ್ದನ್ನೆಲ್ಲ ಇನ್ನೊಂದು ಕಡೆ ಹಾಕಿ ಕಳೆದರೆ ನಿವ್ವಳ ಆಸ್ತಿ ಸಿಗುತ್ತದೆ. ಅದರಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಎರಡನೇ ಸಲ ಬರೆಯುವಾಗ. ಹೋದ ಸಲಕ್ಕಿಂತ ಅಂಕಿ ದೊಡ್ಡದಾಗಿದ್ದರೆ ಸಾಕು, 'ಮೇಡಂ, ಚೆನ್ನಾಗಿ ಉಳಿಸಿದ್ದೀವಿ' ಅನ್ನುತ್ತಾರೆ. ಅಂಕಿ ಯಾಕೆ ದೊಡ್ಡದಾಯಿತು ಅಂತ ಕೇಳಿದರೆ ಮುಖ ನೋಡುತ್ತಾರೆ.

ಒಂದು ಜೋಡಿಯ ಪಟ್ಟಿಯನ್ನೇ ತೆಗೆದುಕೊಳ್ಳೋಣ. ಗುರುತು ಸಿಗಬಾರದೆಂದು ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ಮಾರ್ಚ್ ಕೊನೆಗೆ ಅವರ ಮನೆಯ ಬೆಲೆ 60 ಲಕ್ಷ, ಮ್ಯೂಚುವಲ್ ಫಂಡಿನಲ್ಲಿ 9 ಲಕ್ಷ, ಬ್ಯಾಂಕಿನಲ್ಲಿ 2.5 ಲಕ್ಷ. ಸಾಲದ ಕಡೆ ಮನೆ ಸಾಲ 38 ಲಕ್ಷ, ಕ್ರೆಡಿಟ್ ಕಾರ್ಡಿನಲ್ಲಿ 40 ಸಾವಿರ. ನಿವ್ವಳ 33,10,000.

ಈ 38 ಲಕ್ಷ ಸುಮ್ನೆ ಬಂದದ್ದಲ್ಲ. ಯಜಮಾನರು ಮೊದಲು ಅಲ್ಲಿ 71 ಲಕ್ಷ ಬರೆದುಕೊಂಡು ಬಂದಿದ್ದರು. ತಿಂಗಳ ಕಂತು 35 ಸಾವಿರ, ಇನ್ನು 204 ಕಂತು ಬಾಕಿ, ಗುಣಿಸಿದರೆ ಅಷ್ಟಾಗುತ್ತದಲ್ಲ ಅಂತ. ಮುಂದಿನ ತಿಂಗಳುಗಳ ಬಡ್ಡಿ ಇನ್ನೂ ಹುಟ್ಟಿಯೇ ಇಲ್ಲ, ಅದು ಇವತ್ತಿನ ಸಾಲ ಹೇಗಾದೀತು? ಇವತ್ತೇ ಸಾಲ ತೀರಿಸಲು ಹೋದರೆ ಎಷ್ಟು ಕೊಡಬೇಕೋ ಅದು ಬರೆಯಿರಿ ಎಂದೆ. ಸಾಲದ ಲೆಕ್ಕಪತ್ರದಲ್ಲಿ ಬಾಕಿ ಅಸಲು ಅಂತ ಇರುತ್ತದೆ, ಬಹುಪಾಲು ಅದೇ. ಅದನ್ನು ಸರಿಮಾಡಿದ ಮೇಲೆ ಅವರಿಗೆ ಸ್ವಲ್ಪ ಉಸಿರು ಬಂತು.

ಜೂನ್ ಕೊನೆಯ ಪಟ್ಟಿ ಹಿಡಿದು ಬಂದಾಗ ಇಬ್ಬರೂ ನಗುತ್ತಿದ್ದರು. ಮನೆ 64 ಲಕ್ಷ, ಫಂಡ್ 9.7 ಲಕ್ಷ, ಬ್ಯಾಂಕಿನಲ್ಲಿ 1.6 ಲಕ್ಷ. ಮನೆ ಸಾಲ 37,75,000ಕ್ಕೆ ಇಳಿದಿತ್ತು. ಕಾರ್ಡು 1,30,000ಕ್ಕೆ ಏರಿತ್ತು. ನಿವ್ವಳ 36,25,000. ಮೂರೇ ತಿಂಗಳಲ್ಲಿ 3,15,000 ಜಾಸ್ತಿ!

ಮನೆಗೆ 64 ಎಲ್ಲಿಂದ ಬಂತು ಎಂದು ಕೇಳಿದೆ. ಪಕ್ಕದ ಬೀದಿಯಲ್ಲಿ ಅಂಥದ್ದೇ ಮನೆಗೆ 64 ಹೇಳುತ್ತಿದ್ದಾರಂತೆ. ಹೇಳುತ್ತಿದ್ದಾರೋ, ಮಾರಿದ್ದಾರೋ? ಅದು ಇಬ್ಬರಿಗೂ ಗೊತ್ತಿರಲಿಲ್ಲ.

ಸರಿ, 64 ನಿಜವೇ ಅಂದುಕೊಳ್ಳೋಣ. ಆದರೂ ಆ 3,15,000ವನ್ನು ಎರಡು ಪಾಲು ಮಾಡಲೇಬೇಕು. ಬೆಲೆ ಏರಿದ್ದರಿಂದ ಬಂದದ್ದು ಒಂದು ಪಾಲು. ನಿಮ್ಮ ಕೈಯಿಂದ ಆದದ್ದು ಇನ್ನೊಂದು. ನಾನು ಹತ್ತು ಸಲ ಹೇಳಿದರೂ ಜನ ಬಿಟ್ಟುಬಿಡುವುದು ಇದೊಂದನ್ನೇ, ಅದಕ್ಕೆ ಇಲ್ಲಿ ನಿಧಾನವಾಗಿ ಮಾಡಿ ತೋರಿಸುತ್ತೇನೆ.

ಬೆಲೆಯ ಪಾಲು ಮೊದಲು. ಮನೆಯಲ್ಲಿ 4 ಲಕ್ಷ. ಫಂಡ್ 70 ಸಾವಿರ ಏರಿದೆ, ಆದರೆ ತಿಂಗಳಿಗೆ 15 ಸಾವಿರದಂತೆ 45 ಸಾವಿರ ಇವರೇ ಹಾಕಿದ್ದು. ಹಾಗಾಗಿ ಮಾರುಕಟ್ಟೆ ಕೊಟ್ಟದ್ದು 25 ಸಾವಿರ ಮಾತ್ರ. ಎರಡೂ ಸೇರಿ 4,25,000. ಒಟ್ಟು ಏರಿಕೆಯೇ 3,15,000 ಇರುವಾಗ ಬೆಲೆಯ ಪಾಲು ಅದಕ್ಕಿಂತ ಜಾಸ್ತಿ ಹೇಗಾಯಿತು? ಇಲ್ಲಿಗೆ ಬರುವಷ್ಟರಲ್ಲಿ ಹೆಂಡತಿಯ ನಗು ನಿಂತಿತ್ತು. ಅವರು ಲೆಕ್ಕದಲ್ಲಿ ಚುರುಕು.

ಇನ್ನು ಕೈಯಿಂದ ಆದದ್ದು. ಫಂಡಿಗೆ ಹಾಕಿದ್ದು 45 ಸಾವಿರ, ಮನೆ ಸಾಲದ ಅಸಲು ತೀರಿದ್ದು 25 ಸಾವಿರ. ಎರಡೂ ಒಳ್ಳೆಯ ಕಡೆ, 70 ಸಾವಿರ. ಮೂರು ಕಂತಿನಲ್ಲಿ 1,05,000 ಕಟ್ಟಿದ್ದರೂ ಅಸಲಿಗೆ ಹೋದದ್ದು ಇಷ್ಟೇ, ಉಳಿದದ್ದು ಬಡ್ಡಿ. ಇತ್ತ ಬ್ಯಾಂಕಿನಲ್ಲಿ 90 ಸಾವಿರ ಕರಗಿದೆ, ಕಾರ್ಡಿನ ಸಾಲ 90 ಸಾವಿರ ಬೆಳೆದಿದೆ. ಅಲ್ಲಿಗೆ 1,80,000. ಕಳೆದರೆ 1,10,000 ಕೊರತೆ. ಅಂದರೆ ಆ ಮೂರು ತಿಂಗಳಲ್ಲಿ ಇವರು ದುಡಿದದ್ದಕ್ಕಿಂತ ಅಷ್ಟು ಜಾಸ್ತಿ ಖರ್ಚು ಮಾಡಿದ್ದಾರೆ. ತಿಂಗಳು ತಪ್ಪದೆ ಫಂಡಿಗೆ ಹಣ ಹೋಗುತ್ತಿತ್ತು, ಅದಕ್ಕೇ ಉಳಿಸುತ್ತಿದ್ದೇವೆ ಎಂಬ ಭಾವನೆ. ಇತ್ತ ಕಾರ್ಡಿನಲ್ಲಿ ಸಾಲ ಮಾಡಿ ಅತ್ತ ಫಂಡಿಗೆ ಹಾಕುತ್ತಿದ್ದರು, ಅಷ್ಟೇ. ಮನೆ ಬೆಲೆಯನ್ನು 60ರಲ್ಲೇ ಬಿಟ್ಟಿದ್ದರೆ ನಿವ್ವಳ 32,25,000 ಬಂದು, 85 ಸಾವಿರ ಇಳಿದದ್ದು ತಾನಾಗಿ ಕಣ್ಣಿಗೆ ಬೀಳುತ್ತಿತ್ತು.

ಆಮೇಲೆ ಖರ್ಚು ಹುಡುಕಿದೆವು. ವರ್ಷಕ್ಕೊಮ್ಮೆ ಕಟ್ಟುವ ವಿಮೆಯ 45 ಸಾವಿರ ಆ ಮೂರು ತಿಂಗಳಲ್ಲೇ ಬಿದ್ದಿತ್ತು. ಅದು ತಪ್ಪಲ್ಲ. ಹೀಗೆ ವರ್ಷದ ಖರ್ಚು ಒಂದೇ ಕಡೆ ಬೀಳುವುದರಿಂದಲೇ ಜೂನ್ ಪಟ್ಟಿಯ ಕೊರತೆ ನೋಡಿ ಕೂಡಲೇ ಗಾಬರಿಯಾಗಬೇಡಿ, ಹಿಂದಿನ ವರ್ಷದ ಇದೇ ಮೂರು ತಿಂಗಳ ಜೊತೆಗೂ ಹೋಲಿಸಿ ಎನ್ನುತ್ತೇನೆ. ಮಿಕ್ಕ 65 ಸಾವಿರಕ್ಕೆ ಇಬ್ಬರ ಬಳಿಯೂ ಒಂದೇ ಉತ್ತರ ಇರಲಿಲ್ಲ. ಒಬ್ಬರು ಸೋಫಾ ಅಂದರು, ಇನ್ನೊಬ್ಬರು ಫೋನ್ ಅಂದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಮನೆ ಬೆಲೆಯನ್ನು ಬದಲಿಸಲೇಬಾರದು ಅಂತಲ್ಲ. ವರ್ಷಕ್ಕೊಮ್ಮೆ, ಒಂದು ನಿಗದಿತ ತಿಂಗಳಲ್ಲಿ ಬದಲಿಸಿ. ಹತ್ತಿರದಲ್ಲಿ ಅಂಥದ್ದೇ ಮನೆ ನಿಜವಾಗಿ ಮಾರಿಹೋದ ಬೆಲೆ ಸಿಕ್ಕರೆ ಅದನ್ನು ಹಿಡಿದು, ಮಾರಲು ತಗಲುವ ಖರ್ಚು ಕಳೆದು ಬರೆಯಿರಿ. ಸಿಗದಿದ್ದರೆ ಹಳೆಯ ಅಂಕಿಯೇ ಇರಲಿ. ಬೆಲೆಯ ಪಕ್ಕದಲ್ಲಿ ಅದು ಎಲ್ಲಿಂದ ಬಂತು, ಯಾವತ್ತಿನದು ಎಂದು ನಾಲ್ಕು ಪದ ಬರೆದಿಡಿ. ಮನೆಯನ್ನು ಸದ್ಯದಲ್ಲೇ ಮಾರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರಿಗೆ ಇವತ್ತಿನ ಬೆಲೆಯೇ ಬೇಕು. ಕಾರಿಗೂ ವರ್ಷಕ್ಕೊಮ್ಮೆ ಸಾಕು. ಅದು ಇಳಿಯುತ್ತಲೇ ಹೋಗುತ್ತದೆ, ಅದನ್ನು ಇಳಿಸಿ ಬರೆಯಲು ಮಾತ್ರ ಯಾರಿಗೂ ಮನಸ್ಸು ಬರುವುದಿಲ್ಲ, ಅಲ್ವಾ?

ಇನ್ನೊಂದು ಸಣ್ಣ ಎಚ್ಚರಿಕೆ. ಎಲ್ಲ ಅಂಕಿಯೂ ಒಂದೇ ದಿನದ್ದಾಗಿರಲಿ. ಬ್ಯಾಂಕಿನ ಬಾಕಿಯನ್ನು 28ರಂದು, ಫಂಡಿನದ್ದನ್ನು ಮುಂದಿನ ತಿಂಗಳ 3ರಂದು ನೋಡಿದರೆ, ನಡುವೆ ಬ್ಯಾಂಕಿನಿಂದ ಫಂಡಿಗೆ ಹೋದ 15 ಸಾವಿರ ಎರಡೂ ಕಡೆ ಎಣಿಕೆಯಾಗುತ್ತದೆ. ಕಾರ್ಡಿನದ್ದು ಬಿಲ್ಲಿನಲ್ಲಿರುವ ಮೊತ್ತವಲ್ಲ, ಬಿಲ್ ಆಗದ್ದೂ ಸೇರಿ ಅವತ್ತಿನ ಪೂರ್ತಿ ಬಾಕಿ. ಹಳೆಯ ಕಾಲಂ ಮೇಲೆ ಹೊಸ ಅಂಕಿ ಬರೆಯಬೇಡಿ, ಪಕ್ಕದಲ್ಲಿ ಹೊಸ ಕಾಲಂ ಹಾಕಿ. ಹಳೆಯದು ಅಳಿಸಿಹೋದರೆ ಮೇಲಿನ ಪಾಲು ಮಾಡುವ ಕೆಲಸವೇ ಸಾಧ್ಯವಿಲ್ಲ.

ಸೆಪ್ಟೆಂಬರ್ ಕೊನೆಗೆ ಅವರು ಮತ್ತೆ ಬಂದರು. ಮನೆ 60 ಲಕ್ಷ, ನಿವ್ವಳ 32,90,000. ಹೋದ ಸಲದ ಸರಿಮಾಡಿದ ಅಂಕಿಗಿಂತ 65 ಸಾವಿರ ಜಾಸ್ತಿ, ಅದೂ ಹೆಚ್ಚಿನದು ಕಾರ್ಡಿನ ಸಾಲ ತೀರಿಸಿದ್ದರಿಂದ. ಹೆಂಡತಿ ಪಟ್ಟಿಯನ್ನು ನನ್ನ ಮುಂದೆ ತಳ್ಳಿದರು. ಮನೆಯ ಸಾಲಿನ ಅಂಚಿನಲ್ಲಿ ಯಜಮಾನರ ಅಕ್ಷರದಲ್ಲಿ, ಪೆನ್ಸಿಲ್‌ನಲ್ಲಿ, ಸಣ್ಣದಾಗಿ ಒಂದು '66?' ಇತ್ತು. ನಾನು ನೋಡದವಳಂತೆ ಮುಂದಿನ ಸಾಲಿಗೆ ಹೋದೆ.