ಎಫ್‌ಡಿಎ ಕೇಳುವ ಕಡತಗಳಿಗೆ ವಾಟರ್‌ಫಾಲ್ ಕಡ್ಡಾಯವೇ?

ಅಮೆರಿಕದ ಮಾರುಕಟ್ಟೆಗಾಗಿ ಬೆಂಗಳೂರಿನಲ್ಲಿ ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್ ಬರೆಯುವವರ ನಡುವೆ ಒಂದು ನಂಬಿಕೆ ಬೇರೂರಿದೆ. ಅಲ್ಲಿನ ನಿಯಂತ್ರಕ ಸಂಸ್ಥೆಯಾದ ಎಫ್‌ಡಿಎಗೆ ಒಪ್ಪಿಸಬೇಕಾದ ಕಡತಗಳು ಮೊದಲೇ ಗೊತ್ತಾಗಿರುವುದರಿಂದ ಕೆಲಸವೂ ಒಂದು ಹಂತ ಪೂರ್ತಿ ಮುಗಿದ ಮೇಲೇ ಮುಂದಿನದಕ್ಕೆ ಇಳಿಯುವ ವಾಟರ್‌ಫಾಲ್ ಕ್ರಮದಲ್ಲೇ ಸಾಗಬೇಕು ಎಂಬುದು ಆ ನಂಬಿಕೆ. ನಿಯಮದಲ್ಲಿ ಹಾಗೆ ಎಲ್ಲೂ ಹೇಳಿಲ್ಲ. ಈ ನಂಬಿಕೆಗೆ ಬಹುಮಟ್ಟಿಗೆ ಕಾರಣ ಎರಡು ಚಿತ್ರಗಳು.

ಮೊದಲನೆಯದು 1970ರದ್ದು. ವಿನ್‌ಸ್ಟನ್ ರಾಯ್ಸ್ ತಮ್ಮ ಪ್ರಬಂಧದಲ್ಲಿ ರಿಕ್ವೈರ್‌ಮೆಂಟ್‌ನಿಂದ ಟೆಸ್ಟಿಂಗ್‌ವರೆಗೆ ಮೆಟ್ಟಿಲುಗಳಂತೆ ಇಳಿಯುವ ಚಿತ್ರ ಬರೆದರು. ಹೀಗೇ ಮಾಡಹೊರಟರೆ ಸೋಲನ್ನು ಕರೆದಂತೆ ಎಂದು ಅಲ್ಲೇ ಎಚ್ಚರಿಸಿದ್ದರು. ಓದುಗರು ಚಿತ್ರವನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಬಿಟ್ಟರು. ಎರಡನೆಯ ಚಿತ್ರ ಬಂದದ್ದು ಎಫ್‌ಡಿಎಯಿಂದಲೇ. 1996ರಲ್ಲಿ ಉಪಕರಣಗಳ ವಿನ್ಯಾಸದ ಕೆಲಸ ಹೇಗೆ ನಡೆಯಬೇಕೆಂದು ಹೇಳುವ ಡಿಸೈನ್ ಕಂಟ್ರೋಲ್ ನಿಯಮ ಪ್ರಕಟವಾಯಿತು, ಮರುವರ್ಷ ಅದರ ಮಾರ್ಗಸೂಚಿ ಹೊರಬಂತು. ಅದರಲ್ಲೂ ವಾಟರ್‌ಫಾಲ್ ಚಿತ್ರ ಇತ್ತು. ಪಾಠ ಹೇಳಲು ಇದು ಅನುಕೂಲ, ಸಂಕೀರ್ಣ ಉಪಕರಣಗಳ ವಾಸ್ತವದಲ್ಲಿ ಇದರ ಉಪಯೋಗ ಸೀಮಿತ ಎಂಬ ಮಾತೂ ಪಕ್ಕದಲ್ಲೇ ಇತ್ತು. ಈ ಸಲವೂ ಚಿತ್ರವೇ ಗೆದ್ದಿತು; ಹಲವು ಕಂಪನಿಗಳ ಕಾರ್ಯವಿಧಾನ ಪುಸ್ತಕಗಳಿಗೆ ಅದೇ ಅಚ್ಚಾಯಿತು.

ವೈದ್ಯಕೀಯ ಉಪಕರಣಗಳ ಸಾಫ್ಟ್‌ವೇರ್‌ಗಾಗಿ 2006ರಲ್ಲಿ ಬಂದ ಐಇಸಿ 62304 ಅಂತರರಾಷ್ಟ್ರೀಯ ಮಾನದಂಡವು ಮಾಡಬೇಕಾದ ಕೆಲಸಗಳನ್ನೂ ಇಡಬೇಕಾದ ದಾಖಲೆಗಳನ್ನೂ ಹೇಳುತ್ತದೆ, ಯಾವ ಮಾದರಿಯಲ್ಲಿ ಎಂಬುದನ್ನು ತಯಾರಕರಿಗೆ ಬಿಡುತ್ತದೆ. ಸ್ಪ್ರಿಂಟ್ ಎಂಬ ಕೆಲವು ವಾರಗಳ ಸಣ್ಣ ಸುತ್ತುಗಳಲ್ಲಿ ಸ್ವಲ್ಪಸ್ವಲ್ಪವೇ ಕಟ್ಟುತ್ತಾ ಹೋಗುವ ಅಜೈಲ್‌ನಲ್ಲಿ ಅದನ್ನು ಪಾಲಿಸುವುದು ಹೇಗೆಂದು ವಿವರಿಸುವ ಟಿಐಆರ್45 ವರದಿಯನ್ನು ಅಮೆರಿಕದ ಎಎಎಂಐ ಸಂಸ್ಥೆ 2012ರಲ್ಲಿ ಹೊರತಂದಿತು.

ಹಾಗಾದರೆ ವಾಟರ್‌ಫಾಲ್ ಮತ್ತು ಅಜೈಲ್ ನಡುವಿನ ಆಯ್ಕೆ ಯಾವುದರ ಮೇಲೆ ನಿಂತಿದೆ? ನಮ್ಮ ಪ್ರಕಾರ ಒಂದೇ ಪ್ರಶ್ನೆಯ ಮೇಲೆ: ತಡವಾಗಿ ಬಂದ ಒಂದು ಬದಲಾವಣೆಗೆ ಪುರಾವೆಯನ್ನು ಮತ್ತೆ ಕಟ್ಟಲು ಎಷ್ಟು ಖರ್ಚಾಗುತ್ತದೆ?

ರೋಗಿಯ ದೇಹಕ್ಕೆ ನಿಗದಿತ ದರದಲ್ಲಿ ಔಷಧ ಹರಿಸುವ ಇನ್‌ಫ್ಯೂಷನ್ ಪಂಪ್ ತೆಗೆದುಕೊಳ್ಳಿ. ನರ್ಸ್ ಒಮ್ಮೆ ಒತ್ತಿದ ಸೊನ್ನೆಯ ಕೀಲಿಯನ್ನು ಸಾಫ್ಟ್‌ವೇರ್ ಎರಡು ಸಲ ಎಂದು ಓದಿದರೆ ಗಂಟೆಗೆ 10 ಮಿ.ಲೀ. ಹೋಗಬೇಕಾದಲ್ಲಿ 100 ಹೋಗುತ್ತದೆ. ಇದು ರಿಸ್ಕ್ ಫೈಲ್‌ನಲ್ಲಿ ಒಂದು ಅಪಾಯ. ಅದಕ್ಕೆ ಎರಡು ತಡೆ ಇಡೋಣ: ತೀರಾ ಹತ್ತಿರದ ಎರಡನೇ ಒತ್ತನ್ನು ಕಡೆಗಣಿಸುವುದು, ಮಿತಿ ಮೀರಿದ ದರಕ್ಕೆ ಮತ್ತೊಮ್ಮೆ ದೃಢೀಕರಣ ಕೇಳುವುದು. ಅಪಾಯ, ತಡೆ, ರಿಕ್ವೈರ್‌ಮೆಂಟ್, ಕೋಡ್, ಟೆಸ್ಟ್ ಇವು ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಬೇಕು. ಟ್ರೇಸ್ ಮ್ಯಾಟ್ರಿಕ್ಸ್ ಎನ್ನುವುದು ಈ ಕೊಂಡಿಗಳನ್ನು ಬರೆದಿಡುವ ಪಟ್ಟಿಯನ್ನೇ.

ಮೂರನೇ ಸ್ಪ್ರಿಂಟ್‌ನಲ್ಲಿ ಈ ತಡೆಗಳ ಟೆಸ್ಟ್ ಪಾಸಾಯಿತು ಎನ್ನಿ. ಒಂಬತ್ತನೆಯದರಲ್ಲಿ ಯಾರೋ ಕೀಲಿಮಣೆಯ ಡ್ರೈವರ್ ಬದಲಿಸಿದರು. ಮೂರನೇ ಸ್ಪ್ರಿಂಟ್‌ನ ಫಲಿತಾಂಶ ಆ ಕ್ಷಣಕ್ಕೇ ಹಳತು, ಏಕೆಂದರೆ ಅದು ಬಿಡುಗಡೆಯಾಗುವ ಬಿಲ್ಡ್‌ನ ಬಗ್ಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಟೆಸ್ಟ್‌ಗಳು ರಾತ್ರೋರಾತ್ರಿ ತಾವಾಗಿ ಓಡುವಂತಿದ್ದರೆ ನಷ್ಟ ಒಂದು ರಾತ್ರಿ ಮಾತ್ರ, ಅಜೈಲ್ ಸಲೀಸು. ಕೈಯಿಂದಲೇ ನಡೆಸುವ ಆರು ವಾರದ ಟೆಸ್ಟ್ ಆದರೆ ಪ್ರತಿ ಬದಲಾವಣೆಗೂ ಆರು ವಾರದ ಭಾಗವೊಂದನ್ನು ತೆರಬೇಕು. ಅಲ್ಲಿ ರಿಕ್ವೈರ್‌ಮೆಂಟ್ ಬೇಗ ಕಟ್ಟಿಹಾಕುವುದೇ ಜಾಣತನ. ಪಂಪಿನ ಪ್ಲಾಸ್ಟಿಕ್ ಹೊರಕವಚದ ಅಚ್ಚು, ಮೋಟಾರ್, ಅಲಾರ್ಮ್ ಸರ್ಕ್ಯೂಟ್ ಇವಂತೂ ವಾಟರ್‌ಫಾಲ್‌ಗೇ ಸೇರಿದವು, ಎರಡು ವಾರಕ್ಕೊಮ್ಮೆ ಅಚ್ಚು ಬದಲಿಸಲು ಯಾರಿಗೂ ಆಗದು.

ಅದಕ್ಕೇ ಒಂದೇ ಪ್ರಾಜೆಕ್ಟ್‌ನಲ್ಲಿ ಎರಡೂ ಇರುವುದು ಸಹಜ. ಯೋಜನೆ, ರಿಸ್ಕ್ ವಿಶ್ಲೇಷಣೆ, ಅಪಾಯದ ಭಾಗಗಳನ್ನು ಬೇರ್ಪಡಿಸುವ ಆರ್ಕಿಟೆಕ್ಚರ್ ಮೊದಲು ಬಂದು ಅನುಮೋದನೆ ಪಡೆಯುತ್ತವೆ. ನಡುವೆ ಸ್ಪ್ರಿಂಟ್‌ಗಳು. ಸ್ಪ್ರಿಂಟ್‌ನ ಪ್ರತಿ ಕೆಲಸದ ತುಣುಕು, ಅಂದರೆ ಸ್ಟೋರಿ, ಮುಗಿಯಿತು ಎನ್ನಲು ರಿಕ್ವೈರ್‌ಮೆಂಟ್ ಸಂಖ್ಯೆ, ರಿಸ್ಕ್ ಕೊಂಡಿ, ಕೋಡ್ ಪರಿಶೀಲನೆ, ಟೆಸ್ಟ್ ದಾಖಲೆ ನಾಲ್ಕೂ ಬೇಕು. ಕೊನೆಗೆ ಬಿಲ್ಡ್ ಸ್ಥಿರಗೊಳಿಸಿ ಅದರ ಮೇಲೆ ಔಪಚಾರಿಕ ವೆರಿಫಿಕೇಶನ್ ಪೂರ್ತಿ ನಡೆಯಬೇಕು. ಈ ಕೊನೆಯ ಹಂತಕ್ಕೆ ವೇಳೆ ಇಡದವರೇ ಗಡುವು ತಪ್ಪಿಸುವುದು.

ಕೆಡುವ ಇನ್ನೊಂದು ಜಾಗ ಸ್ಪ್ರಿಂಟ್‌ನ ಕೊನೆಗೆ ಮಾಡಿದ ಕೆಲಸವನ್ನು ತೋರಿಸುವ ಸ್ಪ್ರಿಂಟ್ ರಿವ್ಯೂ. ಅದನ್ನೇ ನಿಯಮ ಕೇಳುವ ಡಿಸೈನ್ ರಿವ್ಯೂ ಎಂದು ತೋರಿಸುವ ತಂಡಗಳಿವೆ. 1996ರ ನಿಯಮ ಆ ಹಂತದ ಕೆಲಸಕ್ಕೆ ನೇರ ಹೊಣೆಯಿಲ್ಲದ ಒಬ್ಬರು ಡಿಸೈನ್ ರಿವ್ಯೂನಲ್ಲಿ ಕೂರಬೇಕೆಂದಿತ್ತು. 2026ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ, ಐಎಸ್‌ಒ 13485 ಗುಣಮಟ್ಟ ನಿರ್ವಹಣಾ ಮಾನದಂಡವನ್ನು ಆಧರಿಸಿದ ಹೊಸ ನಿಯಮದಲ್ಲಿ ಆ ಸಾಲು ಹಾಗೇ ಉಳಿದಿಲ್ಲವಾದರೂ ಪದ್ಧತಿಯನ್ನು ಬಿಡದಿರುವುದು ಒಳ್ಳೆಯದು. ಡೆಮೊ ನೋಡಿ ಚಪ್ಪಾಳೆ ತಟ್ಟಿದ್ದಕ್ಕೆ ದಾಖಲೆಯ ಬೆಲೆಯಿಲ್ಲ: ಯಾವ ಆವೃತ್ತಿ, ಯಾವ ದಿನ, ಯಾರಿದ್ದರು, ಏನು ತೀರ್ಮಾನ ಎಂಬುದು ಬರಹದಲ್ಲಿರಬೇಕು.

ಪರಿಸ್ಥಿತಿ ಹದಗೆಟ್ಟಿರುವುದನ್ನು ದಿನಾಂಕಗಳೇ ಹೇಳುತ್ತವೆ. ರಿಕ್ವೈರ್‌ಮೆಂಟ್ ಅನುಮೋದನೆಯ ದಿನ ಅದರ ಟೆಸ್ಟ್ ಫಲಿತಾಂಶದ ನಂತರದ್ದಾಗಿದ್ದರೆ, ಅಥವಾ ಇಡೀ ಮ್ಯಾಟ್ರಿಕ್ಸ್ ಕೊನೆಯ ಹದಿನೈದು ದಿನಗಳಲ್ಲೇ ತುಂಬಿದ್ದರೆ, ತಪಾಸಣೆಗೆ ಬಂದವರು ಮೊದಲು ಕೈ ಇಡುವುದು ಆ ಪುಟದ ಮೇಲೆ.