ಕಣ್ಣಾರೆ ಕಂಡವರಿಲ್ಲದಾಗ ಶಿಕ್ಷೆ ಹೇಗೆ? ಸರ್ದಾ ತೀರ್ಪಿನ ಹಿನ್ನೆಲೆ

1982ರ ಜೂನ್‌ನಲ್ಲಿ ಪುಣೆಯ ಮನೆಯೊಂದರಲ್ಲಿ, ಮದುವೆಯಾಗಿ ನಾಲ್ಕೇ ತಿಂಗಳಾಗಿದ್ದ ಯುವತಿ ಸತ್ತಳು. ಸಾವಿಗೆ ಕಾರಣ ಪೊಟ್ಯಾಸಿಯಂ ಸಯನೈಡ್. ಕಣ್ಣಾರೆ ಕಂಡವರು ಯಾರೂ ಇಲ್ಲ. ಗಂಡನೇ ವಿಷ ಕೊಟ್ಟ ಎಂದು ಸೆಷನ್ಸ್ ಕೋರ್ಟ್ ಮರಣದಂಡನೆ ಕೊಟ್ಟಿತು. ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 1984ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಗಂಡನ ಹೆಸರಿನಿಂದ ಇದು ಸರ್ದಾ ಪ್ರಕರಣ ಎನಿಸಿಕೊಂಡಿತು. ಸುತ್ತಲಿನ ಸಂಗತಿಗಳಿಂದಲೇ ತಪ್ಪನ್ನು ತೀರ್ಮಾನಿಸುವ ಸಾಂದರ್ಭಿಕ ಸಾಕ್ಷ್ಯದ ಮಾತು ಬಂದಾಗಲೆಲ್ಲ ವಕೀಲರು ಇವತ್ತಿಗೂ ಇದನ್ನೇ ಹಿಡಿಯುತ್ತಾರೆ.

ಇಂಥ ಸಾಕ್ಷ್ಯದ ಬಗೆಗಿನ ಭಯ ಹಳೆಯದು. 1838ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಆಲ್ಡರ್ಸನ್ ಕೊಲೆ ಮೊಕದ್ದಮೆಯೊಂದರಲ್ಲಿ ಜ್ಯೂರಿಗೆ ಒಂದು ಎಚ್ಚರಿಕೆ ಕೊಟ್ಟಿದ್ದರು: ಸಿಕ್ಕ ಸಂಗತಿಗಳನ್ನು ಒಂದಕ್ಕೊಂದು ಹೊಂದಿಸಿ ಕಥೆ ಕಟ್ಟುವುದೆಂದರೆ ಮನಸ್ಸಿಗೆ ಖುಷಿ, ನಡುವೆ ಕೊಂಡಿ ಸಿಗದಿದ್ದರೆ ಮನಸ್ಸೇ ಒಂದನ್ನು ಸೇರಿಸಿಕೊಳ್ಳುತ್ತದೆ. 1952ರ ಹನುಮಂತ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಈ ಎಚ್ಚರಿಕೆಯನ್ನು ನೆನಪಿಸಿಕೊಂಡಿತು. ಅದು ಕೊಲೆ ಕೇಸೇ ಅಲ್ಲ, ನಕಲಿ ಟೆಂಡರ್ ಕಾಗದ ಸೃಷ್ಟಿಸಿದ ಆರೋಪ. ಆದರೂ ಸಾಂದರ್ಭಿಕ ಸಾಕ್ಷ್ಯವನ್ನು ಅಳೆಯುವ ನಿಯಮ ಅಲ್ಲೇ ಹುಟ್ಟಿತು.

ಸರ್ದಾ ತೀರ್ಪು ಅದನ್ನು ಐದು ಮಾತಾಗಿ ಬಿಡಿಸಿತು. ಪ್ರತಿ ಸಂಗತಿಯೂ ಪೂರ್ತಿ ಸಾಬೀತಾಗಬೇಕು, 'ಆಗಿರಬಹುದು' ಸಾಲದು. ಆ ಸಂಗತಿಗಳು ಆರೋಪಿಯ ತಪ್ಪಿಗೆ ಮಾತ್ರ ಹೊಂದಬೇಕು. ಅವು ಖಚಿತವಾಗಿ ಅವನ ಕಡೆಗೇ ಬೊಟ್ಟು ಮಾಡಬೇಕು. ಬೇರೆ ಯಾವ ವಿವರಣೆಗೂ ಜಾಗ ಇರಬಾರದು. ಕೊನೆಗೆ, ಈ ಸಂಗತಿಗಳ ಸರಪಳಿ ಎಲ್ಲೂ ತುಂಡಾಗಿರಬಾರದು.

ಈಗ ಇದನ್ನು ಆ ಯುವತಿಯ ಸಾವಿಗೆ ಹೊಂದಿಸಿ ನೋಡಿ. ವಿಷದಿಂದ ಸತ್ತಿದ್ದು ಖಚಿತ. ಗಂಡ ಅದೇ ಮನೆಯಲ್ಲಿದ್ದ, ಅವಕಾಶವಿತ್ತು. ಆದರೆ ಸಯನೈಡ್ ಅವನ ಕೈಯಲ್ಲಿತ್ತು ಎಂಬುದಕ್ಕೆ ಪುರಾವೆಯೇ ಇಲ್ಲ. ವಿಷದ ಕೇಸಿನಲ್ಲಿ ಇದು ಸಣ್ಣ ಕೊರತೆಯಲ್ಲ. ಜೊತೆಗೆ, ಅವಳು ಸಹೋದರಿಗೂ ಗೆಳತಿಗೂ ಬರೆದ ಪತ್ರಗಳು ಅವಳು ಎಷ್ಟು ನೊಂದಿದ್ದಳು ಎಂಬುದನ್ನು ತೋರಿಸುತ್ತಿದ್ದವು. ಪ್ರಾಸಿಕ್ಯೂಷನ್ ಅವನ್ನು ಗಂಡನ ವಿರುದ್ಧವೇ ತಂದಿತ್ತು. ಅದೇ ಪತ್ರಗಳು ಆತ್ಮಹತ್ಯೆಯ ಸಾಧ್ಯತೆಯನ್ನೂ ತೆರೆದಿಟ್ಟವು. ಅಲ್ಲಿಗೆ ನಾಲ್ಕನೆಯ ಮಾತು ಮುರಿದುಬಿತ್ತು ಅಲ್ವಾ?

ಗಂಡ ಸುಳ್ಳು ಹೇಳಿದ ಎಂಬುದನ್ನು ಹೈಕೋರ್ಟ್ ಒಂದು ಕೊಂಡಿಯಾಗಿ ಎಣಿಸಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸರಪಳಿ ಮೊದಲೇ ಪೂರ್ತಿಯಾಗಿದ್ದರೆ ಸುಳ್ಳು ಅದಕ್ಕೆ ಬಲ ಕೊಡುತ್ತದೆ, ಖಾಲಿ ಜಾಗವನ್ನು ತುಂಬುವುದಿಲ್ಲ. ನನ್ನ ಪ್ರಕಾರ ತೀರ್ಪಿನ ಅತಿ ಉಪಯೋಗದ ಮಾತು ಇದೇ. ಯಾಕೆಂದರೆ ನಿರಪರಾಧಿಯೂ ಹೆದರಿ ಸುಳ್ಳು ಹೇಳುತ್ತಾನೆ.

ಹಾಗಾದರೆ ನಾಲ್ಕು ಗೋಡೆಯೊಳಗಿನ ಕೊಲೆಗೆ ಶಿಕ್ಷೆಯೇ ಇಲ್ಲವೇ? ಇದೆ. ತನಗೆ ಮಾತ್ರ ಗೊತ್ತಿರುವ ಸಂಗತಿಯನ್ನು ಆರೋಪಿಯೇ ವಿವರಿಸಬೇಕು ಎನ್ನುತ್ತಿತ್ತು ಸಾಕ್ಷ್ಯ ಕಾಯ್ದೆಯ 106ನೇ ಕಲಂ. ಈಗ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಕಲಂ. 2006ರ ತ್ರಿಮುಖ್ ಪ್ರಕರಣದಲ್ಲಿ, ಮನೆಯೊಳಗೆ ಹೆಂಡತಿ ಸತ್ತಾಗ ಗಂಡ ನಂಬುವಂಥ ವಿವರಣೆ ಕೊಡದಿದ್ದರೆ ಅದೂ ಒಂದು ಕೊಂಡಿ ಎಂದು ಕೋರ್ಟ್ ಹೇಳಿತು. ಆದರೆ ಸಾವು ಕೊಲೆಯೇ, ಆ ಹೊತ್ತಿನಲ್ಲಿ ಅವನು ಅಲ್ಲಿದ್ದ ಎಂಬ ಮೂಲ ಸಂಗತಿಗಳನ್ನು ಮೊದಲು ಪ್ರಾಸಿಕ್ಯೂಷನ್ ಸಾಬೀತು ಮಾಡಿರಬೇಕು. ಅದಾದ ಮೇಲಷ್ಟೇ ಅವನ ಮೌನಕ್ಕೆ ಬೆಲೆ.